c ಸಿಗದಿದ್ದರೂ ಲೆಕ್ಕ ಸಿಗುತ್ತದೆ: ಸರಾಸರಿ ಮೌಲ್ಯ ಪ್ರಮೇಯದಿಂದ ಅಸಮಾನತೆ ತೆಗೆಯುವ ಬಗೆ

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಸುಮಾರು 94.5 ಕಿಲೋಮೀಟರ್ ಉದ್ದ. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಘಾಟಿನ ಭಾಗದಲ್ಲಿ ಮಿತಿ ಇನ್ನೂ ಕಡಿಮೆ. ಅದನ್ನು ಸದ್ಯಕ್ಕೆ ಬಿಡೋಣ, ಆಮೇಲೆ ಬೇಕಾಗುತ್ತದೆ.

ಒಂದು ಕಾರು ಈ ರಸ್ತೆಯನ್ನು 50 ನಿಮಿಷದಲ್ಲಿ ದಾಟಿತು ಅಂದುಕೊಳ್ಳಿ. ಅದರ ಸರಾಸರಿ ವೇಗ ಗಂಟೆಗೆ 113.4 ಕಿಲೋಮೀಟರ್. ಹಾಗಾದರೆ ದಾರಿಯಲ್ಲಿ ಎಲ್ಲೋ ಒಂದು ಕ್ಷಣ ಸ್ಪೀಡೋಮೀಟರ್ ಸರಿಯಾಗಿ 113.4 ತೋರಿಸಿರಲೇಬೇಕು. ಎಲ್ಲಿ ಅಂತ ನಮಗೆ ಗೊತ್ತಿಲ್ಲ. ಖಾಲಾಪುರದ ಹತ್ತಿರ ಇರಬಹುದು, ಲೋಣಾವಳ ದಾಟಿದ ಮೇಲೆ ಇರಬಹುದು. ಗೊತ್ತಾಗದಿದ್ದರೂ ಕಾರು ಮಿತಿ ಮೀರಿದ್ದು ಖಚಿತ.

ಇದನ್ನೇ ತಿರುಗಿಸಿ ಹೇಳಿ. ಕಾರು ಒಂದು ಕ್ಷಣವೂ 100 ಮೀರಲಿಲ್ಲ ಅಂದರೆ ದಾರಿ ಮುಗಿಸಲು ಕನಿಷ್ಠ 56.7 ನಿಮಿಷ ಬೇಕೇ ಬೇಕು. ಪ್ರತಿ ಕ್ಷಣದ ವೇಗದ ಬಗ್ಗೆ ಒಂದು ಮಾತು ಗೊತ್ತಿತ್ತು. ಅದರಿಂದ ಇಡೀ ದಾರಿಯ ಬಗ್ಗೆ ಒಂದು ಮಾತು ಸಿಕ್ಕಿತು. ಈ ಲೇಖನದಲ್ಲಿ ಮಾಡುವುದು ಇಷ್ಟೇ.

ನಾನು ಭಾನುವಾರ ಸಂಜೆ ಡೊಂಬಿವಲಿಯಲ್ಲಿ ನಮ್ಮ ಕನ್ನಡದ ಮನೆಗಳ ಕೆಲವು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕೆಲವರು ಹನ್ನೆರಡನೇ ಕ್ಲಾಸು, ಕೆಲವರು ಬಿಎಸ್‌ಸಿ ಮೊದಲ ವರ್ಷ. ಸರಾಸರಿ ಮೌಲ್ಯ ಪ್ರಮೇಯ, ಅಂದರೆ ಮೀನ್ ವ್ಯಾಲ್ಯೂ ಥಿಯರಮ್, ಇವರೆಲ್ಲರಿಗೂ ಬಾಯಿಪಾಠ ಬರುತ್ತದೆ:

f(b) − f(a) = f′(c)(b − a), a < c < b

ಆದರೆ ಇದರಿಂದ ಅಸಮಾನತೆ ತೆಗೆಯಿರಿ ಅಂದ ಕೂಡಲೇ ಮೊದಲು ಬರುವ ಪ್ರಶ್ನೆ ಒಂದೇ. "ಸರ್, c ಎಷ್ಟು?" ಪಠ್ಯದ ಅಭ್ಯಾಸದಲ್ಲಿ ‘c ಕಂಡುಹಿಡಿಯಿರಿ’ ಅನ್ನುವ ಲೆಕ್ಕಗಳೇ ಜಾಸ್ತಿ. ಹಾಗಾಗಿ c ಸಿಕ್ಕರೆ ಮಾತ್ರ ಲೆಕ್ಕ ಮುಗಿಯಿತು ಅಂತ ಅವರು ನಂಬಿರುತ್ತಾರೆ. ಇಲ್ಲಿ c ಬೇಕಾಗಿಲ್ಲ. ಅದು ಯಾವ ಎರಡು ಸಂಖ್ಯೆಗಳ ನಡುವೆ ಇದೆ ಅಂತ ಗೊತ್ತಾದರೆ ಸಾಕು.

ಲಾಗರಿದಮ್‌ನಿಂದ ಶುರು ಮಾಡೋಣ

0 < a < b ಇರಲಿ. ln b − ln a ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಅಂತ ಹೇಳಬೇಕು. ಇಲ್ಲಿ ln ಅಂದರೆ e ಆಧಾರದ ಲಾಗರಿದಮ್.

ಮೊದಲ ಹೆಜ್ಜೆ, ಫಂಕ್ಷನ್ ಯಾವುದು, ಅಂತರ ಯಾವುದು ಅಂತ ಬರೆದುಕೊಳ್ಳುವುದು. ಫಂಕ್ಷನ್ f(x) = ln x. ಅಂತರ [a, b].

ಎರಡನೆಯದು, ಪ್ರಮೇಯದ ಷರತ್ತು ನೋಡುವುದು. ಫಂಕ್ಷನ್ a ಯಿಂದ b ವರೆಗೆ, ಎರಡು ತುದಿಗಳೂ ಸೇರಿ, ಎಲ್ಲೂ ಕಡಿಯದೆ ಸಾಗಬೇಕು. ತುದಿಗಳನ್ನು ಬಿಟ್ಟು ಒಳಗೆ ಎಲ್ಲ ಕಡೆ ಡೆರಿವೇಟಿವ್ ಇರಬೇಕು. a > 0 ಆದ್ದರಿಂದ ln x ಗೆ ಎರಡೂ ಸರಿ. ಈ ಒಂದು ಸಾಲನ್ನು ಬರೆಯದೆ ಮುಂದೆ ಹೋಗಬೇಡಿ. ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ತೋರಿಸುತ್ತೇನೆ.

ಮೂರನೆಯದು, ಪ್ರಮೇಯವನ್ನು ಹಾಗೇ ಇಳಿಸುವುದು. f′(x) = 1/x. ಹಾಗಾಗಿ ಯಾವುದೋ ಒಂದು c ಗೆ

ln b − ln a = (b − a)/c, a < c < b

ನಾಲ್ಕನೆಯದರಲ್ಲೇ ನಿಜವಾದ ಕೆಲಸ ಇದೆ. c ಕೂತಿರುವುದು a ಮತ್ತು b ನಡುವೆ. ಆಗ 1/c ಎಲ್ಲಿರುತ್ತದೆ? c ದೊಡ್ಡದಾದಷ್ಟೂ 1/c ಚಿಕ್ಕದಾಗುತ್ತದೆ. ಆದ್ದರಿಂದ 1/b < 1/c < 1/a. b − a ಧನ ಸಂಖ್ಯೆ, ಅದರಿಂದ ಗುಣಿಸಿದರೆ ಚಿಹ್ನೆ ತಿರುಗುವುದಿಲ್ಲ:

(b − a)/b < ln b − ln a < (b − a)/a

c ಮಾಯವಾಯಿತು, ಅಲ್ವಾ? ಅದು ಎಲ್ಲಿತ್ತು ಅಂತ ನಾವು ಕೇಳಲೇ ಇಲ್ಲ.

ಸಂಖ್ಯೆ ಹಾಕಿ ನೋಡಿ. a = 1, b = 1.2. ಎಡಗಡೆ 0.2/1.2 = 0.1667. ಬಲಗಡೆ 0.2. ಅಂದರೆ ln 1.2 ಈ ಎರಡರ ನಡುವೆ ಇದೆ. ಕ್ಯಾಲ್ಕುಲೇಟರ್ 0.1823 ಅನ್ನುತ್ತದೆ. ಅಸಮಾನತೆ ಸಿಕ್ಕಿದ ಕೂಡಲೇ ಹೀಗೆ ಒಂದು ಸಂಖ್ಯೆ ಹಾಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎಡ ಬಲ ಅದಲು ಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ವ್ಯತ್ಯಾಸ ಅಡಗಿ ಕೂತಿದ್ದರೆ

ಪ್ರಶ್ನೆಯಲ್ಲಿ f(b) − f(a) ಯಾವಾಗಲೂ ಎದುರಿಗೇ ಕಾಣುವುದಿಲ್ಲ. ಉದಾಹರಣೆಗೆ, x ಸೊನ್ನೆ ಅಲ್ಲದಿದ್ದರೆ e^x > 1 + x ಅಂತ ತೋರಿಸಿ ಅಂದರೆ ವ್ಯತ್ಯಾಸ ಎಲ್ಲಿದೆ? ಆ 1 ಅನ್ನು ಸ್ವಲ್ಪ ಹೊತ್ತು ನೋಡಿ. ಅದು e^0. ಹಾಗಾಗಿ ನಮಗೆ ಬೇಕಾದದ್ದು e^x − e^0 > x. ಫಂಕ್ಷನ್ e^x, ಒಂದು ತುದಿ 0, ಇನ್ನೊಂದು ತುದಿ x.

x > 0 ಇದ್ದಾಗ ಸುಲಭ. e^x − 1 = x·e^c. c ಸೊನ್ನೆಗಿಂತ ದೊಡ್ಡದು, ಆದ್ದರಿಂದ e^c > 1. ಹಾಗಾಗಿ x·e^c > x. ಮುಗಿಯಿತು.

x < 0 ಇದ್ದಾಗಲೇ ಮಕ್ಕಳು ಜಾರುವುದು. ಈಗ ಅಂತರ [x, 0], c ಅದರ ಒಳಗೆ, ಅಂದರೆ c ಋಣ. ಆಗ e^c < 1. ಇಲ್ಲಿಗೆ ಬಂದು ತುಂಬಾ ಜನ "ಹಾಗಾದರೆ x·e^c < x" ಅಂತ ಬರೆದುಬಿಡುತ್ತಾರೆ. ಆಮೇಲೆ ಪ್ರಶ್ನೆಯೇ ತಪ್ಪು ಅನ್ನುತ್ತಾರೆ. x ಋಣ ಅನ್ನುವುದು ಆ ಹೊತ್ತಿಗೆ ಮರೆತುಹೋಗಿರುತ್ತದೆ. e^c < 1 ಅನ್ನುವುದನ್ನು ಋಣ x ನಿಂದ ಗುಣಿಸಿದರೆ ಚಿಹ್ನೆ ತಿರುಗಿ x·e^c > x ಆಗುತ್ತದೆ. x = −1 ಹಾಕಿ ನೋಡಿ: e^(−1) ಸುಮಾರು 0.368, 1 + x ಸೊನ್ನೆ. ಸರಿಯಾಗಿದೆ.

ನಾನು ಹೇಳುವ ಪದ್ಧತಿ ಒಂದು ಇದೆ. x ಎರಡೂ ಕಡೆ ಇರಬಹುದಾದರೆ ಪುಟದ ಮಧ್ಯೆ ಗೆರೆ ಎಳೆದು x > 0, x < 0 ಎರಡನ್ನೂ ಬೇರೆ ಬೇರೆ ಬರೆಯಿರಿ. ಒಂದೇ ಸಾಲಿನಲ್ಲಿ ಎರಡನ್ನೂ ಮುಗಿಸಲು ಹೋಗಬೇಡಿ.

‘ಕಡಿಮೆ’ಯೋ, ‘ಕಡಿಮೆ ಅಥವಾ ಸಮ’ವೋ

|sin x − sin y| ≤ |x − y| ತುಂಬಾ ಹೆಸರಾದ ಅಸಮಾನತೆ. sin ನ ಡೆರಿವೇಟಿವ್ cos. cos c ಎಲ್ಲೇ ಇರಲಿ, −1 ಮತ್ತು 1 ನಡುವೆಯೇ. ಹಾಗಾಗಿ |sin x − sin y| = |cos c|·|x − y| ≤ |x − y|. ಇಲ್ಲಿ c ಎಲ್ಲಿದೆ ಅನ್ನುವುದೂ ಬೇಡ. ಡೆರಿವೇಟಿವ್‌ನ ಗಾತ್ರಕ್ಕೆ M ಅನ್ನುವ ಒಂದೇ ಮಿತಿ ಎಲ್ಲ ಕಡೆ ಸಿಕ್ಕರೆ ಇದೇ ರೀತಿ |f(b) − f(a)| ≤ M·|b − a| ಸಿಗುತ್ತದೆ. ಎಕ್ಸ್‌ಪ್ರೆಸ್‌ವೇ ಲೆಕ್ಕದಲ್ಲಿ M ಅಂದರೆ ಆ 100.

ಆದರೆ ಗಮನಿಸಿ, ln ನಲ್ಲಿ ‘<’ ಬಂದಿತ್ತು, ಇಲ್ಲಿ ‘≤’ ಬಂತು. ln ನಲ್ಲಿ c ತುದಿಗಳ ಮೇಲೆ ಕೂರುವುದಿಲ್ಲ, 1/x ಒಂದೇ ಸಮನೆ ಇಳಿಯುತ್ತದೆ. ಹಾಗಾಗಿ ಸಮ ಆಗಲು ದಾರಿಯೇ ಇಲ್ಲ. sin ನಲ್ಲಿ c ಹೋಗಿ 2π ಮೇಲೆ ಕೂತರೆ cos c = 1 ಆಗಿಬಿಡುತ್ತದೆ. ಪ್ರಮೇಯ ಅದನ್ನು ತಡೆಯುವುದಿಲ್ಲ.

x > 0 ಇದ್ದಾಗ sin x < x ಅಂತಲೇ ಬೇಕು, ಸಮ ಬೇಡ ಅಂದರೆ ಸ್ವಲ್ಪ ಹೆಚ್ಚು ಕೆಲಸ ಇದೆ. x, 2π ಗಿಂತ ಚಿಕ್ಕದಾಗಿದ್ದರೆ c ಸೊನ್ನೆ ಮತ್ತು 2π ನಡುವೆ, ಅಲ್ಲಿ cos c < 1 ಖಚಿತ. x = 2π ಅಥವಾ ಜಾಸ್ತಿ ಆಗಿದ್ದರೆ ಪ್ರಮೇಯವೇ ಬೇಡ. sin x ಒಂದನ್ನು ದಾಟುವುದಿಲ್ಲ, x ಆರಕ್ಕಿಂತ ದೊಡ್ಡದು. ಪರೀಕ್ಷೆಯಲ್ಲಿ ‘<’ ಕೇಳಿದಾಗ ‘≤’ ತೋರಿಸಿ ಬಂದರೆ ಅಂಕ ಹೋಗುತ್ತದೆ, ಹೋಗಲೂಬೇಕು. ಕೇಳಿದ್ದನ್ನು ಪೂರ್ತಿ ತೋರಿಸಿಲ್ಲ.

ಷರತ್ತು ಮರೆತರೆ ಏನಾಗುತ್ತದೆ

f(x) = 1/x ತೆಗೆದುಕೊಳ್ಳಿ. ಇದರ ಡೆರಿವೇಟಿವ್ −1/x². ಎಲ್ಲಿ ಇದೆಯೋ ಅಲ್ಲೆಲ್ಲಾ ಋಣ. ಹಾಗಾದರೆ −1 ರಿಂದ 1 ಕ್ಕೆ ಬಂದಾಗ ಬೆಲೆ ಇಳಿಯಬೇಕಿತ್ತು. ಆದರೆ f(−1) = −1, f(1) = 1. ಏರಿದೆ! ಪ್ರಮೇಯ ಸುಳ್ಳಾಗಲಿಲ್ಲ. ಮಧ್ಯೆ ಸೊನ್ನೆಯಲ್ಲಿ ರಸ್ತೆಯೇ ಕಡಿದುಹೋಗಿದೆ. ಕಡಿದ ರಸ್ತೆಯ ಮೇಲೆ ವೇಗದ ಲೆಕ್ಕ ನಡೆಯುವುದಿಲ್ಲ. tan x ನಲ್ಲೂ π/2 ದಾಟುವಾಗ ಇದೇ ತೊಂದರೆ. ಎರಡನೇ ಹೆಜ್ಜೆಯ ಆ ಒಂದು ಸಾಲು ಇರುವುದು ಇದಕ್ಕೇ.

ಇನ್ನೊಂದು ಕಡೆ ಅನಗತ್ಯವಾಗಿ ಹೆದರುವವರೂ ಇದ್ದಾರೆ. √x ಗೆ ಸೊನ್ನೆಯಲ್ಲಿ ಡೆರಿವೇಟಿವ್ ಇಲ್ಲ, ಆದ್ದರಿಂದ [0, b] ಮೇಲೆ ಪ್ರಮೇಯ ಹಾಕುವಂತಿಲ್ಲ ಅನ್ನುತ್ತಾರೆ. ಹಾಕಬಹುದು. ತುದಿಯಲ್ಲಿ ಡೆರಿವೇಟಿವ್ ಬೇಕು ಅಂತ ಪ್ರಮೇಯ ಕೇಳುವುದೇ ಇಲ್ಲ. ಆದರೆ ಸೊನ್ನೆಯ ಹತ್ತಿರ 1/(2√x) ಮಿತಿಯಿಲ್ಲದೆ ಬೆಳೆಯುತ್ತದೆ, ಹಾಗಾಗಿ ಮೇಲಿನ ಮಿತಿ M ಸಿಗುವುದಿಲ್ಲ. ಪ್ರಮೇಯ ನಡೆಯುತ್ತದೆ, ಮೇಲಿನ ಮಿತಿ ಮಾತ್ರ ಬರುವುದಿಲ್ಲ. ಇವೆರಡೂ ಬೇರೆ ಬೇರೆ ಮಾತು.

ಮಿತಿ ಸಡಿಲ ಅನಿಸಿದರೆ ತುಂಡು ಮಾಡಿ

ಈಗ ಘಾಟಿಗೆ ಬರೋಣ. ಲೆಕ್ಕಕ್ಕೆ ಅಂತ ಘಾಟಿನ 12 ಕಿಲೋಮೀಟರ್‌ನಲ್ಲಿ ಮಿತಿ ಗಂಟೆಗೆ 60 ಅಂತ ಇಟ್ಟುಕೊಳ್ಳಿ. ಆ ಭಾಗಕ್ಕೇ ಕನಿಷ್ಠ 12 ನಿಮಿಷ. ಉಳಿದ 82.5 ಕಿಲೋಮೀಟರ್‌ಗೆ ಕನಿಷ್ಠ 49.5 ನಿಮಿಷ. ಒಟ್ಟು 61.5. ಮೊದಲು ಇಡೀ ರಸ್ತೆಗೆ ಒಂದೇ ಮಿತಿ ಹಾಕಿ 56.7 ಅಂದಿದ್ದೆವು. ರಸ್ತೆಯನ್ನು ತುಂಡು ಮಾಡಿ, ಪ್ರತಿ ತುಂಡಿಗೆ ಅದರದೇ ಮಿತಿ ಹಾಕಿದ್ದಕ್ಕೆ ಉತ್ತರ ಇನ್ನಷ್ಟು ಬಿಗಿಯಾಯಿತು.

ln 1.2 ಗೂ ಇದನ್ನೇ ಮಾಡಿ. 1 ರಿಂದ 1.1, ಆಮೇಲೆ 1.1 ರಿಂದ 1.2. ಕೆಳಗಿನ ಮಿತಿಗಳನ್ನು ಕೂಡಿದರೆ 0.1/1.1 + 0.1/1.2 = 0.1742. ಮೇಲಿನವನ್ನು ಕೂಡಿದರೆ 0.1/1 + 0.1/1.1 = 0.1909. ಮೊದಲು ಮಿತಿಗಳ ನಡುವಿನ ಅಗಲ 0.0333 ಇತ್ತು, ಈಗ ಅದರ ಅರ್ಧ. ಒಂದು ಎಚ್ಚರಿಕೆ: ಮೊದಲ ತುಂಡಿನ c ಬೇರೆ, ಎರಡನೇ ತುಂಡಿನ c ಬೇರೆ. ಎರಡಕ್ಕೂ ಒಂದೇ c ಬರೆದು ಸಾಮಾನ್ಯ ಅಂತ ಹೊರಗೆ ತೆಗೆಯಬೇಡಿ. c₁, c₂ ಅಂತ ಹೆಸರಿಟ್ಟರೆ ಈ ತಪ್ಪು ಆಗುವುದೇ ಇಲ್ಲ.

ಈ ತುಂಡು ಮಾಡುವ ಉಪಾಯದ ನಿಜವಾದ ಶಕ್ತಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕದಲ್ಲಿ ಕಾಣುತ್ತದೆ. ಅದಕ್ಕೆ ಸ್ವಲ್ಪ ಜಾಗ ಕೊಡುತ್ತೇನೆ.

1 + 1/2 + 1/3 + … + 1/1000 ಎಷ್ಟು?

ಕೂಡುವ ಯಂತ್ರ ಇಲ್ಲದೆ ಹೇಳಬೇಕು. ಈ ಮೊತ್ತವನ್ನು H(1000) ಅನ್ನೋಣ.

ನಮ್ಮ ln ಅಸಮಾನತೆಯಲ್ಲಿ a = k, b = k + 1 ಹಾಕಿ. b − a = 1 ಆಗುತ್ತದೆ:

1/(k+1) < ln(k+1) − ln k < 1/k

ಬಲಗಡೆಯ ಅರ್ಧವನ್ನು ಹಿಡಿಯಿರಿ. k = 1, 2, 3 ಹೀಗೆ n ವರೆಗೆ ಬರೆದು ಎಲ್ಲ ಸಾಲುಗಳನ್ನೂ ಕೂಡಿ. ln ಗಳು ಒಂದಕ್ಕೊಂದು ಹೊಡೆದುಹೋಗುತ್ತವೆ: ln 2 ಒಮ್ಮೆ ಕೂಡುತ್ತದೆ, ಒಮ್ಮೆ ಕಳೆಯುತ್ತದೆ. ln 3 ಹಾಗೇ. ಕೊನೆಗೆ ಉಳಿಯುವುದು ln(n+1) ಮಾತ್ರ, ಯಾಕೆಂದರೆ ln 1 ಸೊನ್ನೆ. ಹಾಗಾಗಿ ln(n+1) < H(n).

ಈಗ ಎಡಗಡೆಯ ಅರ್ಧ. ಇಲ್ಲಿ k ಯನ್ನು 1 ರಿಂದ n − 1 ವರೆಗೆ ಮಾತ್ರ ಓಡಿಸಿ, ಯಾಕೆಂದರೆ 1/(k+1) ಆಗ 1/2 ರಿಂದ 1/n ವರೆಗೆ ಹೋಗುತ್ತದೆ. ಕೂಡಿದರೆ H(n) − 1 < ln n. ಎರಡನ್ನೂ ಸೇರಿಸಿದರೆ, n ಎರಡು ಅಥವಾ ಜಾಸ್ತಿ ಇದ್ದಾಗ

ln(n+1) < H(n) < 1 + ln n

ಎರಡು ಅರ್ಧಗಳಲ್ಲಿ k ಓಡುವ ಅಳತೆ ಬೇರೆ ಬೇರೆ. ಇದನ್ನು ಗಮನಿಸದೆ ಎರಡಕ್ಕೂ n ವರೆಗೆ ಓಡಿಸಿ ಉತ್ತರ ಕೂಡದೆ ಒದ್ದಾಡುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅನುಮಾನ ಬಂದರೆ n = 3 ಇಟ್ಟು ಸಾಲುಗಳನ್ನು ಕೈಯಾರೆ ಬರೆಯಿರಿ.

n = 1000 ಹಾಕಿದರೆ H(1000), 6.909 ಮತ್ತು 7.908 ನಡುವೆ ಇದೆ. ಸಾವಿರ ಸಂಖ್ಯೆ ಕೂಡಿದರೂ ಎಂಟು ದಾಟಲಿಲ್ಲ. ಆದರೂ ಈ ಮೊತ್ತ ಬೆಳೆಯುವುದಕ್ಕೆ ಕೊನೆ ಅನ್ನುವುದೇ ಇಲ್ಲ, ಯಾಕೆಂದರೆ ಕೆಳಗಿನ ln(n+1) ಬೆಳೆಯುತ್ತಲೇ ಇರುತ್ತದೆ. ಮೊತ್ತ 20 ದಾಟಬೇಕಾದರೆ ಎಷ್ಟು ಪದ ಬೇಕು? 1 + ln n, 20 ಕ್ಕಿಂತ ಕಡಿಮೆ ಇರುವವರೆಗೆ, ಅಂದರೆ n, e^19 ಕ್ಕಿಂತ ಕಡಿಮೆ ಇರುವವರೆಗೆ, ಖಂಡಿತ ದಾಟುವುದಿಲ್ಲ. ಅದು ಸುಮಾರು 17.8 ಕೋಟಿ. n, e^20 ಮುಟ್ಟಿದರೆ ಖಂಡಿತ ದಾಟಿರುತ್ತದೆ. ಅದು ಸುಮಾರು 48.5 ಕೋಟಿ. ಒಂದೊಂದಾಗಿ ಕೂಡಲು ಹೊರಟರೆ ಜನ್ಮ ಸಾಲದು. ಇಲ್ಲಿ ನಾಲ್ಕು ಸಾಲಿನಲ್ಲಿ ಗೊತ್ತಾಯಿತು.

ಈ ಲೆಕ್ಕ ಮಾಡಿಸಿದ ದಿನ ಬಿಎಸ್‌ಸಿಯ ಒಬ್ಬಳು ಹುಡುಗಿ ಕೇಳಿದಳು. "ಸರ್, 6.9 ಮತ್ತು 7.9 ಅಂದರೆ ಪೂರ್ತಿ ಒಂದು ಅಗಲ ಆಯ್ತಲ್ಲ. ಇದನ್ನು ಬಿಗಿ ಮಾಡೋಕೆ ಆಗಲ್ವಾ?" ಸರಿಯಾದ ಪ್ರಶ್ನೆ. ನಷ್ಟ ಎಲ್ಲಿ ಆಗುತ್ತಿದೆ ಅಂತ ಹುಡುಕಿದರೆ ಉತ್ತರ ಸಿಗುತ್ತದೆ. k = 1 ಇದ್ದಾಗ ಮಿತಿಗಳು 1/2 ಮತ್ತು 1. ನಡುವೆ ಅರ್ಧದಷ್ಟು ಅಗಲ! k = 100 ಇದ್ದಾಗ ಮಿತಿಗಳು 1/101 ಮತ್ತು 1/100. ಬಹುತೇಕ ಒಂದೇ. 1/x ಶುರುವಿನಲ್ಲಿ ಕಡಿದಾಗಿ ಇಳಿಯುತ್ತದೆ, ಆಮೇಲೆ ಸಮತಟ್ಟಾಗುತ್ತದೆ. ಅಂದರೆ ನಷ್ಟವೆಲ್ಲ ಮೊದಲ ಕೆಲವು ಪದಗಳಲ್ಲೇ.

ಹಾಗಾದರೆ ಆ ಮೊದಲ ಪದಗಳಿಗೆ ಅಸಮಾನತೆ ಹಾಕಲೇಬೇಡಿ. ಅವನ್ನು ಸುಮ್ನೆ ಕೂಡಿಬಿಡಿ. ಹತ್ತು ಪದ ಕೂಡಿದರೆ H(10) = 2.92897. 1/11 ರಿಂದ 1/1000 ವರೆಗಿನ ಬಾಲಕ್ಕೆ ಮಾತ್ರ ಪ್ರಮೇಯ. ಬಲಗಡೆಯ ಅರ್ಧದಲ್ಲಿ k ಯನ್ನು 11 ರಿಂದ 1000 ವರೆಗೆ ಓಡಿಸಿದರೆ ಬಾಲ ln(1001/11) ಗಿಂತ ದೊಡ್ಡದು. 1001/11 ಸರಿಯಾಗಿ 91, ಆದ್ದರಿಂದ ಇದು 4.51086. ಎಡಗಡೆಯ ಅರ್ಧದಲ್ಲಿ k ಯನ್ನು 10 ರಿಂದ 999 ವರೆಗೆ ಓಡಿಸಿದರೆ ಬಾಲ ln(1000/10) ಗಿಂತ, ಅಂದರೆ ln 100 = 4.60517 ಗಿಂತ ಚಿಕ್ಕದು. ಕೂಡಿ ನೋಡಿ:

7.4398 < H(1000) < 7.5342

ಒಂದರಷ್ಟು ಇದ್ದ ಅಗಲ 0.095 ಒಳಗೆ ಬಂತು. ಹತ್ತು ಭಿನ್ನರಾಶಿ ಕೂಡಿದ್ದಷ್ಟೇ ಹೆಚ್ಚಿನ ಕೆಲಸ.

ಆ ಹುಡುಗಿ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಭಾನುವಾರ ಬರುವಾಗ ನೂರು ಪದಗಳನ್ನು ಕೂಡಿಕೊಂಡು ಬಂದಿದ್ದಳು, H(100) = 5.18738. ಬಾಲಕ್ಕೆ ಕೆಳಗೆ ln(1001/101) = 2.29363, ಮೇಲೆ ln 10 = 2.30259. ನೋಟ್‌ಬುಕ್ಕಿನ ಕೊನೇ ಸಾಲಿನಲ್ಲಿ ಬರೆದಿದ್ದಳು: H(1000) ಇರುವುದು 7.4810 ಮತ್ತು 7.4900 ನಡುವೆ. ಸಾವಿರ ಪದಗಳನ್ನೂ ಕಂಪ್ಯೂಟರ್‌ನಲ್ಲಿ ಕೂಡಿ ನೋಡಿದೆವು, 7.4855 ಬಂತು.